ಎಂಟು ಮಂದಿ, ಎಂಟು ನಮೂನೆ ಫೋಟೊ: ತಂಡದ ಪರಿಚಯದ ಸ್ಲೈಡಲ್ಲಿ ಮುಖಗಳು ಒಂದೇ ಅಳತೆಗೆ ಬರ್ತಿಲ್ಲ

ತೆಂಗಿನಗರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ರೈತ ಉತ್ಪಾದಕ ಕಂಪನಿಗೆ ಬ್ಯಾಂಕಿನವರ ಮುಂದೆ ತೋರಿಸೋ ಪವರ್‌ಪಾಯಿಂಟ್ ಮಾಡ್ತಿದ್ದೀನಿ. ಅದರಲ್ಲಿ ಒಂದು ಸ್ಲೈಡ್ ಆಡಳಿತ ಮಂಡಳಿಯ ಪರಿಚಯ. ಏಳು ಜನ ನಿರ್ದೇಶಕರು, ಒಬ್ಬರು ಸಿಇಒ, ಒಟ್ಟು ಎಂಟು ಫೋಟೊ. ನಾಲ್ಕು ಮೇಲೆ, ನಾಲ್ಕು ಕೆಳಗೆ.

ಬಂದಿರೋ ಫೋಟೊಗಳು ಹೀಗಿವೆ: ಒಬ್ಬರದು ತೋಟದಲ್ಲಿ ನಿಂತ ಪೂರ್ತಿ ಆಳಿನ ಚಿತ್ರ, ಇಬ್ಬರದು ಪಾಸ್‌ಪೋರ್ಟ್ ಸೈಜಿನದು, ಒಬ್ಬರದು ಸನ್ಮಾನದ ದಿನ ಮೈಸೂರು ಪೇಟ ತೊಟ್ಟಿದ್ದು, ಒಬ್ಬರದು ಮದುವೆ ಗುಂಪು ಚಿತ್ರದಿಂದ ತೆಗೆದದ್ದು, ಉಳಿದವು ಸೆಲ್ಫಿ. ಎಲ್ಲವನ್ನೂ 4.4 ಸೆಂ.ಮೀ. ಚೌಕಕ್ಕೆ ಕತ್ತರಿಸಿದ್ದೀನಿ. ಚೌಕಗಳೇನೋ ಸಾಲಾಗಿ ನಿಂತಿವೆ, ಆದರೂ ನೋಡೋಕೆ ಒಡಕು ಒಡಕು. ಒಬ್ಬರ ಮುಖ ಫ್ರೇಮು ತುಂಬ, ಇನ್ನೊಬ್ಬರದು ಹುಣಸೆ ಬೀಜದಷ್ಟು. ಹೆಸರಿನ ಕೆಳಗೆ ಹುದ್ದೆ ಬರೆದರೆ ಕೆಲವು ಒಂದೇ ಸಾಲು, ಕೆಲವು ಎರಡು. ಎಲ್ಲಿಂದ ಸರಿ ಮಾಡ್ತಾ ಬರಬೇಕು?

ಬಿಳಿಹಾಳೆ

ಎಲ್ಲ ಫೋಟೊ ಆರಿಸಿ Crop, ಆಮೇಲೆ Aspect Ratio, 1:1 ಕೊಡಿ. ಅಷ್ಟೇ, ಒಂದೇ ಅಳತೆಗೆ ಬರ್ತವೆ.

ತೆಂಗಿನಗರಿ

ಅದನ್ನ ಮಾಡಿಯೇ ಚೌಕ ಬಂದಿರೋದು. ಚೌಕ ಒಂದೇ, ಒಳಗಿನ ಮುಖ ಬೇರೆ ಬೇರೆ.

ಗೆರೆಗಾರ

ಬಿಳಿಹಾಳೆ ಹೇಳಿದ್ದು ಮೊದಲ ಅರ್ಧ. ಚೌಕಟ್ಟನ್ನು ಸಮ ಮಾಡೋದು ಸುಲಭದ ಕೆಲಸ, ಅದನ್ನ ಕಣ್ಣು ಗಮನಿಸೋದೂ ಕಡಿಮೆ. ನೋಡುವವರು ಮುಖದಿಂದ ಮುಖಕ್ಕೆ ಹೋಗ್ತಾರೆ, ಅದರಲ್ಲೂ ಕಣ್ಣಿಂದ ಕಣ್ಣಿಗೆ. ಹಾಗಾಗಿ ಅಳತೆ ಹಿಡಿಯಬೇಕಾದ್ದು ಎರಡನ್ನ: ಫ್ರೇಮಿನ ಮೇಲಂಚಿನಿಂದ ಕಣ್ಣು ಎಷ್ಟು ಕೆಳಗಿದೆ, ಕಣ್ಣಿನಿಂದ ಗಲ್ಲದ ತುದಿ ಎಷ್ಟು ಕೆಳಗಿದೆ. ಎಂಟು ಚಿತ್ರದಲ್ಲೂ ಈ ಎರಡು ಒಂದೇ ಆದರೆ ಸಾಲು ತಾನಾಗಿ ಕೂಡಿಕೊಳ್ಳುತ್ತೆ. ಹಿನ್ನೆಲೆ, ಬಟ್ಟೆ, ಬೆಳಕು ಬೇರೆ ಇದ್ದರೂ ಆಗ ಅಷ್ಟು ಕಾಡಲ್ಲ.

ನೆತ್ತಿಯಿಂದ ಗಲ್ಲದವರೆಗೆ ಅಳೆಯೋರು ಬಹಳ ಜನ. ಅದು ತಪ್ಪುತ್ತೆ. ಎತ್ತರ ಕಟ್ಟಿದ ತುರುಬು, ಬೋಳು ತಲೆ, ಟೋಪಿ, ನಿಮ್ಮಲ್ಲಿರೋ ಪೇಟ, ಇವೆಲ್ಲ ನೆತ್ತಿಯನ್ನ ಮೇಲೆ ಕೆಳಗೆ ಮಾಡ್ತವೆ. ಕಣ್ಣು, ಗಲ್ಲ ಎಲ್ಲರಲ್ಲೂ ಕಾಣುತ್ತೆ. ದಟ್ಟ ಗಡ್ಡ ಇದ್ದವರದ್ದು ಮಾತ್ರ ಗಲ್ಲ ಊಹೆ ಮಾಡಬೇಕು: ಕಣ್ಣಿಂದ ತುಟಿ ಸೇರುವ ಗೆರೆಯವರೆಗಿನ ದೂರ ನೋಡಿ ಅಂದಾಜು ಹಿಡೀರಿ, ಗಡ್ಡದ ತುದಿ ಹಿಡೀಬೇಡಿ.

ನಿಮ್ಮ 4.4 ಚೌಕಕ್ಕೆ ಕಣ್ಣಿನ ಗೆರೆ ಮೇಲಂಚಿನಿಂದ ಸುಮಾರು 1.7, ಕಣ್ಣಿಂದ ಗಲ್ಲ 1.1 ಸೆಂ.ಮೀ. ಇಟ್ಟು ನೋಡಿ. ತಲೆಯ ಸರಿಸುಮಾರು ನಡುವೆ ಕಣ್ಣು ಇರೋದರಿಂದ ನೆತ್ತಿಯ ಮೇಲೆ ಅರ್ಧ ಸೆಂಟಿಮೀಟರಿಗಿಂತ ಚೂರು ಹೆಚ್ಚು ಗಾಳಿ ಉಳಿಯುತ್ತೆ, ಕೆಳಗೆ ಹೆಗಲು ಕಾಣುವಷ್ಟು ಜಾಗ ಸಿಗುತ್ತೆ.

ಹಾಲುಗೆನ್ನೆ

ಇದಕ್ಕೆ SmartArt ಇದೆಯಲ್ಲ? ಅಧ್ಯಕ್ಷರು ಮೇಲೆ, ಕೆಳಗೆ ನಿರ್ದೇಶಕರು, ಅದರ ಕೆಳಗೆ ಸಿಇಒ, ಗೆರೆ ಎಳೆದು ಜೋಡಿಸಿಬಿಡಿ. ಯಾರ ಕೆಳಗೆ ಯಾರು ಅಂತ ಬ್ಯಾಂಕಿನವರಿಗೆ ಸ್ಪಷ್ಟ ಆಗುತ್ತೆ.

ತೆಂಗಿನಗರಿ

ಮೇಡಂ, ಅದು ಆಡಳಿತ ರಚನೆಯ ಸ್ಲೈಡ್, ಬೇರೆ ಇದೆ. ಇದು ಬರೀ ಯಾರು ಯಾರು ಅಂತ ಗುರುತು ಹೇಳೋದು.

ಹಾಲುಗೆನ್ನೆ

ಓಹ್, ಸರಿ. ಆದರೂ SmartArt ಒಳಗೆ ಚಿತ್ರ ಹಾಕೋ ವಿನ್ಯಾಸಗಳೂ ಇವೆ, ಫೋಟೊ ತಾನೇ ಕತ್ತರಿಸಿಕೊಳ್ಳುತ್ತೆ.

ಗೆರೆಗಾರ

ತಾನೇ ಕತ್ತರಿಸಿಕೊಳ್ಳೋದೇ ಇಲ್ಲಿ ತೊಂದರೆ. SmartArt ಆಗಲಿ, ಚಿತ್ರದ ಪ್ಲೇಸ್‌ಹೋಲ್ಡರ್ ಆಗಲಿ, ಮುಖ ಎಲ್ಲಿದೆ ಅಂತ ಹುಡುಕಲ್ಲ. ಚಿತ್ರದ ನಡುಮಧ್ಯ ಹಿಡಿದು ಫ್ರೇಮು ತುಂಬಿಸುತ್ತೆ. ಫೋನಿನ ಉದ್ದ ಚಿತ್ರ 3000 × 4000 ಪಿಕ್ಸೆಲ್ ಅಂದುಕೊಳ್ಳಿ. ಚೌಕಕ್ಕೆ ಹಾಕಿದ ಕೂಡಲೇ ಮೇಲಿಂದ 500, ಕೆಳಗಿಂದ 500 ಹೋಗುತ್ತೆ. ತೋಟದಲ್ಲಿ ನಿಂತವರ ತಲೆ ಇರೋದು ಸರಿಯಾಗಿ ಆ ಮೇಲಿನ 500ರ ಹತ್ತಿರ. ಹೊಟ್ಟೆ ಫ್ರೇಮಿನ ನಡುವೆ ಬರುತ್ತೆ, ತಲೆ ಹಾರಿಹೋಗುತ್ತೆ.

ಹಾಗಂತ ಪ್ಲೇಸ್‌ಹೋಲ್ಡರ್ ಬೇಡ ಅಂತಲ್ಲ. Slide Master ಒಳಗೆ ಒಂದು ಹೊಸ ಲೇಔಟ್ ಮಾಡಿ, Insert Placeholder ಇಂದ Picture ಎಂಟು ಇಡಿ. ನಾಳೆ ಒಬ್ಬ ನಿರ್ದೇಶಕರು ಬದಲಾದರೂ ಫ್ರೇಮು ಜರುಗಲ್ಲ. ಒಳಗಿನ ಚಿತ್ರವನ್ನ ಮಾತ್ರ ನೀವೇ ಕೈಯಾರೆ ಕೂರಿಸಬೇಕು.

ತೆಂಗಿನಗರಿ

ಆ ತೋಟದ ಫೋಟೊನೇ ಒಂದು ಸಲ ಮಾಡಿ ತೋರಿಸ್ತೀರಾ ಸರ್? ಅಂದಾಜಿನಲ್ಲಿ ಎಳೆದು ಎಳೆದು ಸಾಕಾಯ್ತು.

ಗೆರೆಗಾರ

ಆಗಲಿ. ಮೇಲೆ ಹೇಳಿದ 3000 × 4000 ಚಿತ್ರದ ಲೆಕ್ಕದಲ್ಲೇ ಹೇಳ್ತೀನಿ.

ಮೊದಲು ಗೈಡ್ ಗೆರೆಗಳು. Slide Master ಅಲ್ಲಿ ಅದೇ ಲೇಔಟ್ ತೆರೆದು Alt+F9 ಒತ್ತಿ. ಅಡ್ಡ ಗೆರೆಯನ್ನ Ctrl ಹಿಡಿದು ಎಳೆದರೆ ಇನ್ನೊಂದು ಗೆರೆ ಹುಟ್ಟುತ್ತೆ. ಎಳೆಯುವಾಗ ಕಾಣೋ ಅಂಕಿ ಸ್ಲೈಡಿನ ನಡುವಿನಿಂದ ಇರೋ ದೂರ, ಮೇಲಂಚಿನಿಂದ ಅಲ್ಲ. ಇದನ್ನ ಮರೆತೇ ಬಹಳ ಜನ ಎಡವೋದು. ಅಗಲ ಸ್ಲೈಡ್ 33.87 × 19.05, ಅಂದರೆ ನಡು 9.525ಕ್ಕೆ. ನಿಮ್ಮ ಮೇಲಿನ ಸಾಲಿನ ಫ್ರೇಮು ಮೇಲಂಚಿನಿಂದ 3.4ಕ್ಕೆ, ಕೆಳಗಿನ ಸಾಲಿನದು 11ಕ್ಕೆ ಶುರುವಾಗಲಿ. ಆಗ ಮೇಲಿನ ಸಾಲಿಗೆ ಕಣ್ಣಿನ ಗೆರೆ ನಡುವಿನಿಂದ ಮೇಲೆ 4.4, ಗಲ್ಲದ ಗೆರೆ ಮೇಲೆ 3.3. ಕೆಳಗಿನ ಸಾಲಿಗೆ ಕಣ್ಣು ನಡುವಿನಿಂದ ಕೆಳಗೆ 3.2, ಗಲ್ಲ 4.3. ಗೆರೆ ಹೇಳಿದ ಅಂಕಿಗೆ ನಿಲ್ಲದೆ ಜಿಗಿದರೆ Alt ಕೂಡ ಹಿಡಿದು ಎಳೆಯಿರಿ. ಮಾಸ್ಟರಿನಲ್ಲಿ ಹಾಕಿದ ಗೆರೆ ಕೆಲಸದ ಸ್ಲೈಡಲ್ಲಿ ಅಪ್ಪಿತಪ್ಪಿಯೂ ಅಲುಗಲ್ಲ, ಅದೇ ಅದರ ಅನುಕೂಲ.

ಈಗ ಚಿತ್ರ. ಪ್ಲೇಸ್‌ಹೋಲ್ಡರಿಗೆ ಹಾಕಿದ ಕೂಡಲೇ ಅದು 4.4 ಅಗಲ, 5.87 ಎತ್ತರ ಆಗಿರುತ್ತೆ, ಮೇಲೆ ಕೆಳಗೆ ಮುಚ್ಚಿಕೊಂಡಿರುತ್ತೆ. Crop ಒತ್ತಿದರೆ ಮುಚ್ಚಿದ ಭಾಗ ಮಂಕಾಗಿ ಕಾಣುತ್ತೆ. ಚಿತ್ರವನ್ನ ಕೆಳಗೆ ಎಳೆದು ತಲೆಯನ್ನ ಫ್ರೇಮಿನೊಳಗೆ ತನ್ನಿ. Crop ಇಂದ ಹೊರಬಂದು, ಕಣ್ಣಿನ ಪಾಪೆಯಿಂದ ಗಲ್ಲದ ತುದಿಯ ಮಟ್ಟಕ್ಕೆ Shift ಹಿಡಿದು ಒಂದು ನೇರ ಗೆರೆ ಎಳೆಯಿರಿ. ಆ ಗೆರೆಯ ಎತ್ತರ Shape Format ಅಲ್ಲಿ ಕಾಣುತ್ತೆ. ಪೂರ್ತಿ ಆಳಿನ ಚಿತ್ರದಲ್ಲಿ ಅದು 0.35ರ ಆಸುಪಾಸು ಬರುತ್ತೆ. ಬೇಕಿರೋದು 1.1. 1.1 ಭಾಗಿಸು 0.35 ಅಂದರೆ 3.14. ಚಿತ್ರ ಇಷ್ಟು ಪಟ್ಟು ದೊಡ್ಡದಾಗಬೇಕು: ಅಗಲ 13.8, ಎತ್ತರ 18.4.

ಅಂಕಿ ಹಾಕೋ ಜಾಗ Format Picture ಪೇನಿನ ಚಿತ್ರದ ಗುರುತಿನ ಕೆಳಗೆ Crop ಅನ್ನೋ ಕಡೆ. ಅಲ್ಲಿ Picture position ಅಂತ ಒಂದು ಗುಂಪು, Crop position ಅಂತ ಇನ್ನೊಂದು. ಮೊದಲನೆಯದು ಒಳಗಿನ ಚಿತ್ರದ್ದು, ಎರಡನೆಯದು ಫ್ರೇಮಿನದು. ಮೊದಲನೆಯದನ್ನ ಮಾತ್ರ ಮುಟ್ಟಿ. Width, Height ಎರಡನ್ನೂ ಹಾಕಿ, ಆಮೇಲೆ Offset X, Offset Y ಚೂರು ಚೂರೇ ಬದಲಿಸುತ್ತಾ ಕಣ್ಣನ್ನ ಗೆರೆಗೆ ತನ್ನಿ. ಕಣ್ಣು ಗೆರೆಗೆ ಬಂದಾಗ ಗಲ್ಲ ಎರಡನೇ ಗೆರೆಯ ಮೇಲೆ ಕೂತಿದ್ದರೆ ಅಳತೆ ಸರಿ. ಅಳೆಯೋಕೆ ಎಳೆದ ಗೆರೆ ಅಳಿಸೋದು ಮರೀಬೇಡಿ.

ಕೊನೆಗೆ ಒಂದು ಪರೀಕ್ಷೆ: Size ಕೆಳಗೆ Scale Height, Scale Width ಎರಡೂ ಒಂದೇ ಶೇಕಡಾ ಇರಬೇಕು. ಬೇರೆ ಇದ್ದರೆ ಮುಖ ಹಿಗ್ಗಿದೆ ಅಂತ. ಎರಡು ಮೂರು ಶೇಕಡಾ ಹಿಗ್ಗಿದ್ದು ನಿಮಗೆ ಕಾಣಲ್ಲ, ಆ ಮುಖದ ಮನೆಯವರಿಗೆ ಕಾಣುತ್ತೆ.

ಕಡಲಮುನ್ನೀರು

ಗೂಗಲ್ ಸ್ಲೈಡ್ಸ್ ಬಳಸೋರು ಈ ಅಂಕಿಗಳನ್ನ ಹಾಗೇ ಹಾಕಬೇಡಿ. ಅಲ್ಲಿ 16:9 ಸ್ಲೈಡ್ 25.4 × 14.29 ಸೆಂ.ಮೀ. ಪವರ್‌ಪಾಯಿಂಟಿನ ಮುಕ್ಕಾಲು. 4.4 ಇದ್ದದ್ದು 3.3 ಆಗುತ್ತೆ, 1.1 ಇದ್ದದ್ದು 0.83. ಫಾಂಟೂ ಅಷ್ಟೇ, 16 ಇದ್ದದ್ದು 12. ಚಿತ್ರದ ಮೇಲೆ ಎರಡು ಸಲ ಒತ್ತಿದರೆ ಒಳಗಿನ ಚಿತ್ರ ಸರಿಸಬಹುದು. Replace image ಕೊಟ್ಟರೆ ಫ್ರೇಮು ಉಳಿಯುತ್ತೆ, ಆದರೆ ಕಣ್ಣಿನ ಗೆರೆ ಮತ್ತೆ ನೋಡಿಕೊಳ್ಳಬೇಕು.

ಜೋಳದರೊಟ್ಟಿ

ಇಷ್ಟೆಲ್ಲಾ ಲೆಕ್ಕ ಯಾಕ್ರೀ? ಎಲ್ಲಾರಿಗೂ ಹೊಸಾ ಫೋಟೊ ತೆಗಿಸ್ರಿ. ಒಂದ ಗ್ವಾಡಿ, ಒಂದ ಫೋನು, ಒಂದ ಜಾಗಾ. ನೆಲದ ಮ್ಯಾಲೆ ಸುಣ್ಣದಾಗ ಗೆರಿ ಹೊಡದು ಅಲ್ಲೇ ನಿಂದರಸ್ರಿ. ಮಂಡಳಿ ಸಭೆ ಇರೋ ದಿನಾ ಅರ್ಧ ತಾಸಿನಾಗ ಮುಗೀತದ.

ಗೆರೆಗಾರ

ಆಗೋದಾದರೆ ಅದಕ್ಕಿಂತ ಒಳ್ಳೇದಿಲ್ಲ. ಫೋನು ಒಂದೂವರೆಯಿಂದ ಎರಡು ಮೀಟರ್ ದೂರ, ಕ್ಯಾಮೆರಾ ನಿಂತವರ ಕಣ್ಣಿನ ಎತ್ತರಕ್ಕೆ, ಜೂಮ್ 2x ಇದ್ದರೆ ಅದು. ಎದೆಯವರೆಗೆ ಬರಲಿ, ತಲೆ ಮೇಲೆ ಜಾಗ ಧಾರಾಳ ಬಿಡಿ. ಬಿಟ್ಟದ್ದನ್ನ ಕತ್ತರಿಸಬಹುದು, ಬಿಡದ್ದನ್ನ ಹುಟ್ಟಿಸೋಕಾಗಲ್ಲ.

ಸೆಲ್ಫಿಗಳ ವಿಷಯ ಇಲ್ಲೇ ಹೇಳಿಬಿಡ್ತೀನಿ. ಕೈ ಚಾಚಿ ತೆಗೆದ ಚಿತ್ರದಲ್ಲಿ ಕ್ಯಾಮೆರಾ ಮುಖಕ್ಕೆ ತೀರ ಹತ್ತಿರ. ಮೂಗು ಉಬ್ಬುತ್ತೆ, ಕಿವಿ ಹಿಂದಕ್ಕೆ ಹೋಗುತ್ತೆ. ಇದು ದೂರದಿಂದ ಆಗಿದ್ದು. ಎಷ್ಟು ಕತ್ತರಿಸಿದರೂ, ಎಷ್ಟು ಅಳತೆ ಹಿಡಿದರೂ ಹೋಗಲ್ಲ. ಪಾಸ್‌ಪೋರ್ಟ್ ಚಿತ್ರದ ಪಕ್ಕ ಇಟ್ಟರೆ ಕಣ್ಣಿಂದ ಗಲ್ಲ ಸಮ ಇದ್ದರೂ ಸೆಲ್ಫಿಯ ಮೂಗು ದೊಡ್ಡದಾಗಿ, ಮುಖ ಕಿರಿದಾಗಿ ಕಾಣುತ್ತೆ. ಎಂಟೂ ಜನರನ್ನ ಸೇರಿಸೋಕಾಗದಿದ್ದರೆ ಸೆಲ್ಫಿ ಕೊಟ್ಟವರಿಗೆ ಮಾತ್ರ ಇನ್ನೊಬ್ಬರ ಕೈಲಿ ತೆಗೆಸಿ ಕಳಿಸೋಕೆ ಹೇಳಿ.

ತೆಂಗಿನಗರಿ

ಸೆಲ್ಫಿ ಮೂವರದ್ದು. ಅವರಿಗೆ ಹೇಳ್ತೀನಿ. ತೋಟದವರು ಊರಲ್ಲಿಲ್ಲ, ಪೇಟದವರು ಅದೇ ಫೋಟೊ ಬೇಕು ಅಂತಿದ್ದಾರೆ.

ಅಚ್ಚುಮೊಳೆ

ವಾಟ್ಸಾಪಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿ, ಫೋಟೊ ಆಗಿ ಬೇಡ. ಕುಗ್ಗಿ ಬರುತ್ತೆ.

ಎಷ್ಟು ಕುಗ್ಗಿದರೆ ತೊಂದರೆ ಅನ್ನೋದಕ್ಕೂ ಲೆಕ್ಕ ಇದೆ. 1920 × 1080 ಪರದೆಯಲ್ಲಿ ನಿಮ್ಮ 4.4 ಸೆಂ.ಮೀ. ಫ್ರೇಮು ಸುಮಾರು 250 ಪಿಕ್ಸೆಲ್. ತೋಟದ ಚಿತ್ರ 1200 ಪಿಕ್ಸೆಲ್ ಅಗಲಕ್ಕೆ ಇಳಿದಿದ್ದರೂ, 13.8ಕ್ಕೆ ಹಿಗ್ಗಿಸಿದ ಮೇಲೆ ಫ್ರೇಮಿನೊಳಗೆ ಸುಮಾರು 380 ಪಿಕ್ಸೆಲ್ ಸಿಗುತ್ತೆ. ಅಂದರೆ ಸಾಕು. 4K ಪರದೆ ಆದರೆ 500 ಬೇಕು, ಅಲ್ಲಿ ಮಸುಕು ಕಾಣುತ್ತೆ. ಮದುವೆ ಗುಂಪು ಚಿತ್ರದ್ದೇ ನನಗೆ ಅನುಮಾನ. ಗುಂಪಿನಲ್ಲಿ ಒಂದು ತಲೆಗೆ ಎಷ್ಟು ಪಿಕ್ಸೆಲ್ ಬಂದಿದೆ ನೋಡಿ. ಇಡೀ ತಲೆಗೆ 125 ಕೂಡ ಇಲ್ಲ ಅಂದರೆ ಬಿಡಿ, ಬೇರೆ ಕೇಳಿ.

ಬಿಳಿಹಾಳೆ

ಮಸುಕಾದದ್ದು, ಬಣ್ಣ ಬೇರೆ ಬೇರೆ ಇದ್ದದ್ದು ಎಲ್ಲದಕ್ಕೂ ಕಪ್ಪುಬಿಳುಪು ಮಾಡಿಬಿಡಿ. Color ಒಳಗೆ Saturation 0%. ಎಲ್ಲ ಒಂದೇ ತರ ಆಗುತ್ತೆ. ಆಮೇಲೆ ಎಡಕ್ಕೆ ನೋಡ್ತಿರೋರನ್ನ ಬಲಕ್ಕೆ ತಿರುಗಿಸಿ, Flip Horizontal. ಎಲ್ಲರೂ ಸ್ಲೈಡಿನ ನಡುವಿಗೆ ನೋಡೋ ಹಾಗಿರಬೇಕು.

ರೇಷ್ಮೆನೂಲು

ತಿರುಗಿಸಬೇಡಿ! ಸೀರೆ ಉಟ್ಟವರ ಸೆರಗು ಎಡಹೆಗಲ ಮೇಲಿರುತ್ತೆ, ತಿರುಗಿಸಿದರೆ ಬಲಹೆಗಲಿಗೆ ಬರುತ್ತೆ. ನೋಡಿದ ಹೆಂಗಸರಿಗೆಲ್ಲ ಏನೋ ತಪ್ಪಿದೆ ಅಂತ ಆ ಕ್ಷಣವೇ ಗೊತ್ತಾಗುತ್ತೆ. ಗಂಡಸರದ್ದಾದರೆ ಅಂಗಿ ಜೇಬು ಬಲಕ್ಕೆ ಹೋಗುತ್ತೆ, ಬೈತಲೆ ಆ ಕಡೆ ಈ ಕಡೆ ಆಗುತ್ತೆ. ಅಂಗಿ ಮೇಲೆ ಅಕ್ಷರ ಇದ್ದರಂತೂ ಕೇಳೋದೇ ಬೇಡ. ಅವರದೇ ಮುಖ ಅವರಿಗೇ ಬೇರೆ ಕಾಣುತ್ತೆ.

ಯಾರು ಯಾವ ಕಡೆ ನೋಡ್ತಾರೋ ಹಾಗೇ ಬಿಟ್ಟು, ಸಾಲಿನಲ್ಲಿ ಅವರ ಜಾಗ ಬದಲಿಸಿ. ಬಲಕ್ಕೆ ನೋಡೋರು ಸಾಲಿನ ಎಡತುದಿಗೆ.

ಅಚ್ಚುಮೊಳೆ

ಜಾಗ ಬದಲಿಸಿದರೆ ಅಧ್ಯಕ್ಷರು ಮೂಲೆಗೆ ಹೋಗ್ತಾರೆ. ಅದು ಇನ್ನೊಂದು ರಾಮಾಯಣ.

ಕಪ್ಪುಬಿಳುಪಿನ ಮಾತು ಅರ್ಧ ಒಪ್ಪುತ್ತೀನಿ. ಹಳದಿ ಬಲ್ಬಿನ ಬೆಳಕು, ನೀಲಿ ಪರದೆಯ ಸ್ಟುಡಿಯೊ, ಹಸಿರು ತೋಟ, ಈ ಬಣ್ಣದ ಜಗಳ ನಿಲ್ಲುತ್ತೆ. ಬೆಳಕು ಎಲ್ಲಿಂದ ಬಿದ್ದಿದೆ ಅನ್ನೋದು ನಿಲ್ಲಲ್ಲ. ಒಬ್ಬರ ಅರ್ಧ ಮುಖ ನೆರಳಲ್ಲಿದ್ದರೆ ಕಪ್ಪುಬಿಳುಪಿನಲ್ಲಿ ಅದು ಇನ್ನೂ ಕಪ್ಪು. ಕಪ್ಪು ಕೂದಲು, ಕಡು ಹಿನ್ನೆಲೆ ಎರಡೂ ಸೇರಿದರೆ ತಲೆಯ ಅಂಚೇ ಮಾಯ. ಬಣ್ಣ ತೆಗೆದ ಮೇಲೆ ಒಂದೊಂದು ಚಿತ್ರಕ್ಕೂ Brightness ಬೇರೆ ಬೇರೆ ಮುಟ್ಟಬೇಕು, ಎಲ್ಲದಕ್ಕೂ ಒಂದೇ ಅಂಕಿ ಕೊಟ್ಟರೆ ಆಗಲ್ಲ. ಮಸುಕಂತೂ ಬಣ್ಣ ತೆಗೆದರೆ ಹೋಗುವ ವಸ್ತುವೇ ಅಲ್ಲ.

ತೆಂಗಿನಗರಿ

ಸದ್ಯ ಬಣ್ಣ ಇರಲಿ. ಐದು ಚಿತ್ರ ಗೆರೆಗೆ ಕೂತವು, ಆಗಲೇ ಸ್ಲೈಡು ಬೇರೆಯಾಗಿ ಕಾಣ್ತಿದೆ. ಪೇಟ ಮಾತ್ರ ಕೂರ್ತಿಲ್ಲ. ಕಣ್ಣಿಂದ ಗಲ್ಲ 1.1 ಮಾಡಿದರೆ ಪೇಟದ ಮೇಲ್ಭಾಗ ಕತ್ತರಿಸಿ ಹೋಗುತ್ತೆ.

ಗೆರೆಗಾರ

ಕಣ್ಣಿಂದ ಪೇಟದ ತುದಿವರೆಗೆ ಅಳೆದು ಹೇಳಿ.

ತೆಂಗಿನಗರಿ

ಕಣ್ಣಿಂದ ಗಲ್ಲದ 1.8 ಪಟ್ಟು ಇದೆ.

ಗೆರೆಗಾರ

ಹಾಗಾದರೆ 1.1ಕ್ಕೆ ಪೇಟಕ್ಕೆ ಬೇಕಾದ್ದು 1.98. ಕಣ್ಣಿನ ಮೇಲೆ ಇರೋದು 1.72. ಕಾಲು ಸೆಂಟಿಮೀಟರ್ ಹೊರಗೆ ಉಳಿಯುತ್ತೆ.

ದಾರಿ ಎರಡಿವೆ. ಎಂಟೂ ಜನರ ಮುಖವನ್ನ ಚೂರು ಸಣ್ಣ ಮಾಡಿ, ಕಣ್ಣಿಂದ ಗಲ್ಲ 0.95ಕ್ಕೆ ತನ್ನಿ. ಆಗ ಪೇಟಕ್ಕೆ ಬೇಕಾದ್ದು 1.71, ಕೂದಲೆಳೆಯಲ್ಲಿ ಹಿಡಿಸುತ್ತೆ. ಗಲ್ಲದ ಗೆರೆ ಮೇಲಿನ ಸಾಲಿಗೆ 3.45, ಕೆಳಗಿನ ಸಾಲಿಗೆ 4.15. ಇಲ್ಲಾ, ಮುಖದ ಅಳತೆ ಹಾಗೇ ಇಟ್ಟು ಎಂಟೂ ಜನರ ಕಣ್ಣಿನ ಗೆರೆಯನ್ನ ಮೇಲಂಚಿನಿಂದ 2 ಸೆಂ.ಮೀ.ಗೆ ಇಳಿಸಿ. ಎರಡನೆಯದರಲ್ಲಿ ಉಳಿದ ಏಳು ಜನ ಫ್ರೇಮಿನಲ್ಲಿ ಮುಳುಗಿದ ಹಾಗೆ ಕಾಣ್ತಾರೆ, ತಲೆ ಮೇಲೆ ಬಯಲು ಜಾಸ್ತಿ. ನಾನು ಮೊದಲನೆಯದು ಮಾಡ್ತಿದ್ದೆ. ಒಬ್ಬರ ಮುಖ ಮಾತ್ರ ಸಣ್ಣ ಮಾಡೋದು ಬೇಡ, ಎಲ್ಲರದ್ದೂ ಒಟ್ಟಿಗೆ ಆಗಲಿ.

ಅಚ್ಚುಮೊಳೆ

ನಾನು ಒಪ್ಪಲ್ಲ. ಒಬ್ಬರ ಪೇಟಕ್ಕೋಸ್ಕರ ಏಳು ಮುಖ ಸಣ್ಣ ಆಗಬೇಕಾ? ಸಭಾಂಗಣದ ಹಿಂದಿನ ಸಾಲಲ್ಲಿ ಕೂತವರಿಗೆ ಮೊದಲೇ ಮುಖ ಸಣ್ಣ. ಪೇಟದ ತುದಿ ಕಾಲು ಸೆಂಟಿಮೀಟರ್ ಹೋದರೆ ಯಾರಿಗೂ ನಷ್ಟ ಇಲ್ಲ, ಸಿನಿಮಾದಲ್ಲಿ ಹತ್ತಿರದ ಶಾಟ್ ತೆಗೆಯುವಾಗ ತಲೆ ಮೇಲ್ಭಾಗ ಕತ್ತರಿಸಲ್ವಾ?

ಜೋಳದರೊಟ್ಟಿ

ಪ್ಯಾಟಾ ಕತ್ತರಸೂದು ಅಂದ್ರ ಮರ್ಯಾದಿ ಕತ್ತರಸಿದಂಗ ಆಗತದ್ರೀ. ನಮ್ಮ ಕಡೆ ಹಿರ್ಯಾರು ಗಾಂಧಿ ಟೊಪಗಿ, ರುಮಾಲು ದಿನಾ ಹಾಕ್ಕೋತಾರ, ಅದು ಸನ್ಮಾನದ ದಿನದ್ದಲ್ಲ. ಅದನ್ನ ತಗದ ಫೋಟೊ ತೆಗಸಾಕ ಹೇಳಾಕೂ ಆಗೂದಿಲ್ಲ, ಅರ್ಧಾ ಕತ್ತರಸಾಕೂ ಆಗೂದಿಲ್ಲ. ಗೆರೆಗಾರ ಅವ್ರು ಹೇಳಿದ್ದ ಖರೆ.

ರೇಷ್ಮೆನೂಲು

ನನ್ನ ಪ್ರಶ್ನೆಯೂ ಇದರ ಜೊತೆಗೇ ಇದೆ. ಮಹಿಳಾ ಸಂಘದ ಸ್ಲೈಡ್, ಹನ್ನೆರಡು ಜನ, ದುಂಡು ಚೌಕಟ್ಟು. ಕೆಲವರು ತಲೆ ಮೇಲೆ ಸೆರಗು ಹೊದ್ದಿದ್ದಾರೆ, ಇಬ್ಬರು ಮುಡಿ ತುಂಬ ಹೂ ಮುಡಿದಿದ್ದಾರೆ. ದುಂಡಿನಲ್ಲಿ ಹೂವೆಲ್ಲ ಹೋಗುತ್ತೆ.

ಗೆರೆಗಾರ

ದುಂಡು ಇಂಥ ಕಡೆ ಕೈಕೊಡುತ್ತೆ ಮೇಡಂ. 4.4 ಅಡ್ಡಳತೆಯ ವೃತ್ತದಲ್ಲಿ ಮೇಲ್ತುದಿಯಿಂದ 0.3 ಸೆಂ.ಮೀ. ಕೆಳಗೆ ಬಂದರೂ ಸಿಗೋ ಅಗಲ 2.2 ಮಾತ್ರ. ಅದೇ ಎತ್ತರದಲ್ಲಿ ಚೌಕ ಪೂರ್ತಿ 4.4 ಕೊಡುತ್ತೆ. ಪೇಟ, ಹೂ, ಸೆರಗು, ಎಲ್ಲ ಅಗಲವಾಗೋದು ಆ ಮೇಲಿನ ಮೂಲೆಗಳಲ್ಲೇ. ದುಂಡು ಅವನ್ನೇ ತಿನ್ನುತ್ತೆ, ಕೆಳಗೆ ಹೆಗಲನ್ನೂ ತಿನ್ನುತ್ತೆ. ಚೌಕ ಇಟ್ಟು, ಬೇಕಿದ್ದರೆ ಮೂಲೆಯನ್ನ ಸ್ವಲ್ಪ ಉರುಟು ಮಾಡಿ. ಮಾಸ್ಟರಿನ ಪ್ಲೇಸ್‌ಹೋಲ್ಡರಿನಲ್ಲೇ Change Shape ಕೊಟ್ಟರೆ ಹನ್ನೆರಡಕ್ಕೂ ಒಂದೇ ಉರುಟು ಬರುತ್ತೆ.

ಕಡಲಮುನ್ನೀರು

ಹುದ್ದೆ ಸಾಲುಗಳ ಬಗ್ಗೆ ಯಾರೂ ಹೇಳಲಿಲ್ಲ. ತೆಂಗಿನಗರಿ ಅವರೇ, ಕಾರ್ಡುಗಳ ಅಕ್ಷರದ ಅಳತೆ ಒಂದೊಂದರಲ್ಲೂ ಬೇರೆ ಇದೆಯಾ ನೋಡಿದಿರಾ?

ತೆಂಗಿನಗರಿ

ಹೌದು! ನಾನು ಎಲ್ಲದಕ್ಕೂ 12 ಕೊಟ್ಟಿದ್ದೆ, ಸಿಇಒ ಅವರದ್ದು 10.8 ಅಂತ ತೋರಿಸ್ತಿದೆ.

ಕಡಲಮುನ್ನೀರು

Shrink text on overflow ಅನ್ನೋದು ಆನ್ ಇದೆ. ‘ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ’ ಡಬ್ಬಿಗೆ ಹಿಡಿಸದೆ ಅದೊಂದನ್ನೇ ಕುಗ್ಗಿಸಿದೆ. ಮಾಸ್ಟರಿನಲ್ಲಿ ಆ ಪಠ್ಯದ ಪ್ಲೇಸ್‌ಹೋಲ್ಡರ್ ಹಿಡಿದು Format Shape, Text Box, ಅಲ್ಲಿ Do not Autofit ಕೊಡಿ. ಅಲ್ಲೇ Left margin, Right margin 0.25 ಇರುತ್ತೆ, ಎರಡನ್ನೂ 0 ಮಾಡಿ. ಹುದ್ದೆಯ ಡಬ್ಬಿ ಫೋಟೊದಷ್ಟೇ ಅಗಲ ಇರಬೇಕಾಗಿಲ್ಲ. ಎರಡೂ ಕಡೆ 2 ಸೆಂ.ಮೀ. ಅಂಚು, ನಡುವೆ 1 ಸೆಂ.ಮೀ. ಬಿಟ್ಟರೆ ಒಂದೊಂದು ಕಾಲಮ್ಮಿಗೆ 6.7 ಸಿಗುತ್ತೆ. ಫೋಟೊ ಅದರ ನಡುವೆ, ಪಠ್ಯ ಪೂರ್ತಿ ಅಗಲಕ್ಕೆ.

ಒಂದು ಸಾಲು, ಎರಡು ಸಾಲಿನ ಗೊಂದಲಕ್ಕೆ ಡಬ್ಬಿಯ Vertical alignment ಅನ್ನ Top ಮಾಡಿ, ಎಲ್ಲ ಡಬ್ಬಿಗೂ ಎರಡು ಸಾಲಿನ ಎತ್ತರ ಕೊಡಿ. ಒಂದೇ ಸಾಲಿನವರ ಕೆಳಗೆ ಖಾಲಿ ಉಳಿದರೂ ಹೆಸರುಗಳು ಒಂದೇ ಮಟ್ಟದಲ್ಲಿ ನಿಲ್ತವೆ. Middle ಇದ್ದರೆ ಒಂದೊಂದು ಒಂದೊಂದು ಎತ್ತರಕ್ಕೆ ತೇಲುತ್ತೆ.

ಅಚ್ಚುಮೊಳೆ

ಇದಕ್ಕೆ ಕನ್ನಡದ್ದೇ ಒಂದು ಸೇರಿಸ್ತೀನಿ. ಪವರ್‌ಪಾಯಿಂಟಿನ ಮಾಮೂಲಿ ಥೀಮಿನಲ್ಲಿ ಪಠ್ಯದ ಸಾಲಂತರ 0.9 ಇರುತ್ತೆ. ಇಂಗ್ಲಿಷಿಗೆ ನಡೆಯುತ್ತೆ. ಕನ್ನಡದಲ್ಲಿ ಮೇಲಿನ ಸಾಲಿನ ‘ಖ್ಯ’ದ ಒತ್ತು ಇಳಿದು ಕೆಳಗಿನ ಸಾಲಿನ ‘ಧಿ’ಯ ಗುಡಿಸಿಗೆ ತಾಗುತ್ತೆ. Line Spacing ಅನ್ನ Single ಮಾಡಿ. Exactly ಅಂತ ಪಾಯಿಂಟ್ ಕೊಟ್ಟು ಬಿಗಿ ಮಾಡಲೇಬೇಡಿ, ಒತ್ತಕ್ಷರಗಳಿಗೆ ಉಸಿರಾಡೋಕೆ ಜಾಗ ಬೇಕು. ಹೆಸರು 16, ಹುದ್ದೆ 12 ಇಟ್ಟರೆ ಫೋಟೊ ಕೆಳಗಿನ 2.4 ಸೆಂ.ಮೀ. ಜಾಗದಲ್ಲಿ ಒಂದು ಸಾಲು ಹೆಸರು, ಎರಡು ಸಾಲು ಹುದ್ದೆ ಕೂರುತ್ತೆ.

ಫಾಂಟು ನೋಟೊ ಸಾನ್ಸ್ ಹಾಕಿದ್ದರೆ ಬ್ಯಾಂಕಿನ ಕಂಪ್ಯೂಟರಿನಲ್ಲಿ ಅದು ಇರಲಿಕ್ಕಿಲ್ಲ, ಬೇರೆ ಫಾಂಟು ಬಂದು ಸಾಲು ಒಡೆಯೋ ಜಾಗ ಬದಲಾಗುತ್ತೆ. ವಿಂಡೋಸಿನ ಜೊತೆಗೇ ಬರೋ ನಿರ್ಮಲಾ ಹಾಕಿ, ಪಿಡಿಎಫ್ ಒಂದು ಪ್ರತಿ ಜೇಬಲ್ಲಿರಲಿ.

ಹಾಲುಗೆನ್ನೆ

ಏಳು ಜನರಲ್ಲಿ ಆರು ಜನರ ಕೆಳಗೆ ‘ನಿರ್ದೇಶಕರು’ ಅಂತಲೇ ಇರುತ್ತಲ್ಲ, ಅದನ್ನ ಯಾಕೆ ಬರೀಬೇಕು? ಸಾಲದ ಅರ್ಜಿ ನೋಡೋರಿಗೆ ಯಾರು ಏನು ನೋಡಿಕೊಳ್ತಾರೆ ಅನ್ನೋದು ಬೇಕು. ‘ಬೀಜ, ಗೊಬ್ಬರ ಖರೀದಿ’, ‘ಕೊಬ್ಬರಿ ಮಾರಾಟ’, ‘ಲೆಕ್ಕಪತ್ರ, ಬ್ಯಾಂಕ್ ಸಹಿ’ ಹೀಗೆ. ತಲೆಬರಹದಲ್ಲೇ ‘ನಿರ್ದೇಶಕ ಮಂಡಳಿ’ ಅಂತ ಇದ್ದರೆ ಸಾಕು. ಅಧ್ಯಕ್ಷರು, ಸಿಇಒ ಇಬ್ಬರಿಗೆ ಮಾತ್ರ ಹುದ್ದೆ ಬರೆಯಿರಿ. ಸಿಇಒ ಸದಸ್ಯರು ಆರಿಸಿದವರಲ್ಲ, ಮಂಡಳಿ ನೇಮಿಸಿದವರು, ಅದು ಗೊತ್ತಾಗಬೇಕು.

ಗೆರೆಗಾರ

ಇದು ಬಹಳ ಸರಿಯಾದ ಮಾತು ಮೇಡಂ. ಸಾಲುಗಳೂ ಚಿಕ್ಕದಾಗ್ತವೆ.

ತೆಂಗಿನಗರಿ

ಹಾಗೇ ಮಾಡ್ತೀನಿ. ‘ಶ್ರೀ’, ‘ಶ್ರೀಮತಿ’ ಬೇಕಾ? ಕೆಲವರು ಹೆಸರಿನ ಮುಂದೆ ಇನಿಷಿಯಲ್, ಕೆಲವರು ಊರಿನ ಹೆಸರು ಬರೆದು ಕೊಟ್ಟಿದ್ದಾರೆ.

ಜೋಳದರೊಟ್ಟಿ

ಶ್ರೀ ಹಾಕ್ರಿ. ಹಿರ್ಯಾರ ಹೆಸರು ಬೋಳ ಬರದ್ರ ಛಂದ ಕಾಣೂದಿಲ್ಲ.

ಕಡಲಮುನ್ನೀರು

ಎಂಟೂ ಜನರಿಗೆ ಹಾಕಿ, ಇಲ್ಲ ಯಾರಿಗೂ ಬೇಡ. ಒಬ್ಬರಿಗೆ ‘ಡಾ.’ ಇದ್ದು ಅವರಿಗೆ ‘ಶ್ರೀ’ ಬಿಟ್ಟರೂ ಸಾಲು ತಪ್ಪಿದ ಹಾಗೆ ಕಾಣುತ್ತೆ. ಹೆಸರು ಮಾತ್ರ ಅವರು ಬ್ಯಾಂಕ್ ದಾಖಲೆಯಲ್ಲಿ ಹೇಗೆ ಬರೀತಾರೋ ಹಾಗೇ ಇರಲಿ, ನೀವು ತಿದ್ದಬೇಡಿ.

ಮಾವಿನಚಿಗುರು

ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ. ಕ್ರಾಪ್ ಮಾಡಿದರೆ ಚಿತ್ರ ಹೋಗಲ್ಲ, ಮುಚ್ಚಿಕೊಳ್ಳುತ್ತೆ ಅಷ್ಟೇ. ಫೈಲು ಸಿಕ್ಕ ಯಾರೇ ಆದರೂ Crop ಒತ್ತಿದರೆ ಆ ಮದುವೆಯ ಇಡೀ ಗುಂಪು, ಮಕ್ಕಳು ಮರಿ ಎಲ್ಲ ಕಾಣುತ್ತೆ. ಕಳಿಸೋ ಮುಂಚೆ Picture Format ಅಲ್ಲಿ Compress Pictures ತೆರೆದು Delete cropped areas of pictures ಗುರುತು ಹಾಕಿ, Apply only to this picture ಗುರುತು ತೆಗೆಯಿರಿ.

ಇದನ್ನ ಮೂಲ ಫೈಲಲ್ಲಿ ಮಾಡಬೇಡಿ. ಇನ್ನೊಂದು ಹೆಸರಲ್ಲಿ ಉಳಿಸಿಕೊಂಡು ಆ ಪ್ರತಿಯಲ್ಲಿ ಮಾಡಿ. ಒಮ್ಮೆ ಅಳಿಸಿದ ಮೇಲೆ ಕಣ್ಣಿನ ಗೆರೆ ಜರುಗಿಸೋಕೆ ಅಂಚಿನಲ್ಲಿ ಏನೂ ಉಳಿದಿರಲ್ಲ.

ತೆಂಗಿನಗರಿ

ಇದು ಗೊತ್ತೇ ಇರಲಿಲ್ಲ. ನಿನ್ನೆ ಒಂದು ಪ್ರತಿ ಆಗಲೇ ಕಳಿಸಿದ್ದೆ, ಅದನ್ನ ಅಳಿಸೋಕೆ ಹೇಳಿ ಹೊಸದು ಕಳಿಸ್ತೀನಿ.

ಈಗಿನ ಸ್ಥಿತಿ: ಕಣ್ಣಿಂದ ಗಲ್ಲ 0.95 ಇಟ್ಟು ಏಳು ಚಿತ್ರ ಕೂರಿಸಿದೆ. ಪೇಟ ಪೂರ್ತಿ ಒಳಗೆ ಬಂತು. ಅಚ್ಚುಮೊಳೆ ಸರ್ ಹೇಳಿದ್ದೂ ಸುಳ್ಳಲ್ಲ, ಲ್ಯಾಪ್‌ಟಾಪಲ್ಲಿ ಚೆನ್ನಾಗಿದೆ, ಹತ್ತು ಹೆಜ್ಜೆ ಹಿಂದೆ ನಿಂತರೆ ಮುಖ ಸಣ್ಣ. ಗುಂಪು ಚಿತ್ರದವರ ತಲೆ ಅಳೆದೆ, 90 ಪಿಕ್ಸೆಲ್ ಇದೆ. ಹೊಸದು ಕೇಳಿದ್ದೀನಿ, ನಾಡಿದ್ದಿನೊಳಗೆ ಬರೋದು ಅನುಮಾನ. ಬರದಿದ್ದರೆ ಆ ಜಾಗಕ್ಕೆ ಏನಿಡಲಿ?

ಬಿಳಿಹಾಳೆ

ಬೂದು ಬಣ್ಣದ ಆಳಿನ ನೆರಳು ಇರುತ್ತಲ್ಲ, ಅದು.

ರೇಷ್ಮೆನೂಲು

ಅದು ಬೇಡ. ಏಳು ಜೀವಂತ ಮುಖದ ನಡುವೆ ಅದೊಂದು ನೋಡೋಕೆ ಸಂಕಟ. ಅದೇ ಅಳತೆಯ ಚೌಕಕ್ಕೆ ತೆಳು ಬಣ್ಣ ತುಂಬಿ, ಅವರ ಹೆಸರಿನ ಮೊದಲ ಅಕ್ಷರ ದೊಡ್ಡದಾಗಿ ಬರೆಯಿರಿ. ಅಕ್ಷರದ ನಡು ಕಣ್ಣಿನ ಗೆರೆಗೆ ಬರಲಿ.

ಅಚ್ಚುಮೊಳೆ

ಅಕ್ಷರಕ್ಕಿಂತ ಮಸುಕು ಫೋಟೊನೇ ಮೇಲು ಅಂತ ನನಗೆ. ಬ್ಯಾಂಕಿನವರು ನಾಳೆ ಅವರನ್ನ ಎದುರಿಗೆ ನೋಡಿದಾಗ ಗುರುತು ಹಿಡೀಬೇಕಲ್ಲ. 90 ಪಿಕ್ಸೆಲ್ ತಲೆ 0.95 ಅಳತೆಯಲ್ಲಿ ಸುಮಾರು 108 ಪಿಕ್ಸೆಲ್ ಜಾಗಕ್ಕೆ ಹಿಗ್ಗುತ್ತೆ, ಅಷ್ಟೇನೂ ಕೆಟ್ಟದಾಗಲ್ಲ. ಮುಖ ಸಣ್ಣ ಮಾಡಿದ್ದರಿಂದ ಇದೊಂದು ಲಾಭ ಆಯ್ತು ಅಂತ ಒಪ್ಪುತ್ತೀನಿ.

ಗೆರೆಗಾರ

ಎರಡನ್ನೂ ಮಾಡಿ ಸಭೆ ನಡೆಯೋ ಕೋಣೆಯ ಪ್ರೊಜೆಕ್ಟರಿನಲ್ಲೇ ಹಾಕಿ ನೋಡಿ. ಬಹಳ ಪ್ರೊಜೆಕ್ಟರುಗಳು 1920 ಕೂಡ ಇರಲ್ಲ, ಆ ಮಸುಕು ಅಲ್ಲಿ ಕಾಣದೇ ಹೋಗಬಹುದು. ಫೋಟೊ ಬಂದರೆ ತಿಳಿಸಿ.

ತೆಂಗಿನಗರಿ

ಸರಿ ಸರ್. ನಾಳೆ ಮಧ್ಯಾಹ್ನ ಆ ಕೋಣೆ ಸಿಗುತ್ತೆ.